ಎಡ ಬಲಗಳ ಕುರುಹು

ಧಾರವಾಡದ ಆ ಯುವಕನಿಗೆ ಅಣ್ಣನು ದೀಪಾವಳಿಯ ಉಡುಗೊರೆಯಾಗಿ ಒಂದು ಜೊತೆ ಓಟದ ಶೂಗಳನ್ನು ತಂದುಕೊಟ್ಟನು. ಅಡಿಡಾಸ್ ಕಂಪನಿಯ ಅಲ್ಟ್ರಾಬೂಸ್ಟ್ ಎಂಬ ಹೆಸರಿನವು. ಪೊಲೀಸ್ ಪೇದೆಯ ಹುದ್ದೆಗೆ ನಡೆಯುವ ದೈಹಿಕ ಪರೀಕ್ಷೆಯಲ್ಲಿ ಗಂಡಸರು 1600 ಮೀಟರನ್ನು ಆರೂವರೆ ನಿಮಿಷಗಳೊಳಗೆ ಓಡಿ ಮುಗಿಸಬೇಕು. ತಮ್ಮನು ಅದಕ್ಕಾಗಿ ಹರಿದ ಕ್ಯಾನ್‌ವಾಸ್ ಶೂ ತೊಟ್ಟು ಓಡುತ್ತಿದ್ದುದನ್ನು ಅಣ್ಣನು ಕಂಡಿದ್ದನು. ಬೆಂಗಳೂರಿನ ಗೋದಾಮೊಂದರಲ್ಲಿ ರಾತ್ರಿಪಾಳಿ ದುಡಿದು ಕೂಡಿಟ್ಟ ಒಂಬತ್ತು ಸಾವಿರ ರೂಪಾಯಿಗಳನ್ನು ಅದಕ್ಕೆ ವ್ಯಯಿಸಿದ್ದನು. ಬೆವರಿನ ಕಾಯಕದ ಹಣವದು.

ಎರಡು ವಾರಗಳೊಳಗೆ ತಮ್ಮನ ಮೊಣಕಾಲು ನೋಯಲಾರಂಭಿಸಿತು. ಹೊಸ ಶೂ ಕಾಲಿಗೆ ಹೊಂದಲು ಕಾಲ ಬೇಕೆಂದು ಅವನು ಸಮಾಧಾನ ತಂದುಕೊಂಡನು. ಆದರೆ ಮೈದಾನದ ಗೆಳೆಯನ ಬಳಿಯೂ ಅದೇ ಹೆಸರಿನ, ಅದೇ ಅಳತೆಯ ಶೂಗಳಿದ್ದವು. ಹುಬ್ಬಳ್ಳಿಯ ಕಂಪನಿ ಅಂಗಡಿಯಲ್ಲಿ ಬಿಲ್ಲು ಪಡೆದು ಕೊಂಡವು. ಒಂದು ಮುಂಜಾನೆ ಅವನ್ನು ತೊಟ್ಟು ನಾಲ್ಕು ಹೆಜ್ಜೆ ಓಡಿದಾಗ, ಪಾದದಡಿಯ ಮೆತ್ತೆಯು ತಗ್ಗಿ ಮತ್ತೆ ಮೇಲೆತ್ತಿದ ಅನುಭವವಾಯಿತು. ತನ್ನವುಗಳಲ್ಲಿ ಅದು ಒಮ್ಮೆಯೂ ಆಗಿರಲಿಲ್ಲ.

ಗೆಳೆಯರಿಬ್ಬರೂ ನೆರಳಿನಲ್ಲಿದ್ದ ಕಲ್ಲುಬೆಂಚಿನ ಮೇಲೆ ಒಂದೊಂದು ಶೂವನ್ನಿಟ್ಟು ಚಿತ್ರ ತೆಗೆದರು. ಮೊದಲ ಚಿತ್ರಗಳು ಪ್ರಯೋಜನಕ್ಕೆ ಬರಲಿಲ್ಲ. ಫೋನನ್ನು ತೀರ ಹತ್ತಿರ ಹಿಡಿದರೆ ಶೂವಿನ ಮೂತಿ ಉಬ್ಬಿ ಕಾಣುತ್ತದೆ. ಬಿಸಿಲು ಬಿದ್ದರೆ ಕರಿಯ ಬಣ್ಣವೂ ಕಂದಾಗುತ್ತದೆ. ಆದುದರಿಂದ ಎರಡನ್ನೂ ಒಂದೇ ಜಾಗದಲ್ಲಿಟ್ಟು, ನಾಲ್ಕು ಅಡಿ ದೂರದಿಂದ, ಒಂದೇ ಎತ್ತರದಲ್ಲಿ ಮತ್ತೆ ತೆಗೆದು, ಪಕ್ಕಪಕ್ಕಕ್ಕೆ ಹಿಡಿದು ನೋಡಿದರು.

ಹೊಲಿಗೆ ಹೆಚ್ಚುಕಡಿಮೆ ಒಂದೇ ಆಗಿತ್ತು. ಹಿಮ್ಮಡಿಯ ಬಳಿ ಅಂಟು ತುಸು ಹೊರಸೂಸಿತ್ತು. ಅದು ಅಸಲಿ ಮಾಲಿನಲ್ಲಿಯೂ ಒಮ್ಮೊಮ್ಮೆ ಇರುತ್ತದೆ. ಕಣ್ಣು ನಿಂತದ್ದು ಬಿಳಿಯ ಮೆತ್ತೆಯ ಮೇಲೆ. ಅಸಲಿಯ ಮೆತ್ತೆಯನ್ನು ಹಗುರವಾದ ಸಣ್ಣ ಸಣ್ಣ ಕಾಳುಗಳನ್ನು ಉಗಿಯಿಂದ ಬೆಸೆದು ಮಾಡುತ್ತಾರೆ. ಬೆಂದ ಸಾಬುದಾಣಿಯಂತೆ ಒಂದರ ಮಗ್ಗುಲಿಗೊಂದು ಒತ್ತಿಕೊಂಡ ಆ ಕಾಳುಗಳು ಒಂದೂ ಇನ್ನೊಂದರ ಆಕಾರದಲ್ಲಿರುವುದಿಲ್ಲ. ತಮ್ಮನ ಶೂವಿನಲ್ಲಿಯೂ ಕಾಳುಗಳಿದ್ದವು. ಆದರೆ ಚಿತ್ರವನ್ನು ಹಿಗ್ಗಿಸಿದಾಗ ಅವು ಅಚ್ಚಿನಲ್ಲಿ ಒತ್ತಿದ ಗೆರೆಗಳಾಗಿ ಕಂಡವು. ಒಂದೇ ವಿನ್ಯಾಸವು ಹಿಮ್ಮಡಿಯ ಬಳಿ ಒಮ್ಮೆ, ನಡುವೆ ಮತ್ತೊಮ್ಮೆ ಬಂದಿತ್ತು.

ಆದರೂ ಮನಸ್ಸು ಒಪ್ಪಲಿಲ್ಲ. ಅಣ್ಣನ ಮುಖವನ್ನು ನೆನೆದಾಗ ಕಣ್ಣು ಕಂಡದ್ದನ್ನೂ ಸುಳ್ಳೆನ್ನಬೇಕೆನಿಸುವುದು ಸಹಜವಷ್ಟೆ.

ಆಗ ಗೆಳೆಯನು ಶೂವಿನ ಒಳಗಿದ್ದ ಅಳತೆಯ ಚೀಟಿಯನ್ನು ತೋರಿಸಿದನು. ಆ ಪುಟ್ಟ ಚೀಟಿಯಲ್ಲಿ ಅಳತೆ, ತಯಾರಾದ ದೇಶ, ಮಾದರಿಯ ಗುರುತು ಇರುತ್ತವೆ. ಜೊತೆಗೆ ಒಂದೊಂದು ಶೂವಿಗೂ ಬೇರೆ ಬೇರೆಯಾದ ಒಂದು ಸಂಖ್ಯೆಯಿರುತ್ತದೆ. ಜೋಡಿಯಾದರೂ ಎಡದ್ದು ಬೇರೆ, ಬಲದ್ದು ಬೇರೆ. ನಕಲಿ ಮಾಡುವವರು ಒಂದು ಚೀಟಿಯನ್ನು ನಕಲಿಸಿ ಸಾವಿರ ಮುದ್ರಿಸುವುದರಿಂದ ಸಾಮಾನ್ಯವಾಗಿ ಎರಡೂ ಕಾಲಿಗೆ ಅದೇ ಸಂಖ್ಯೆ ಬೀಳುತ್ತದೆ. ಸಂಖ್ಯೆಗಳು ಬೇರೆಯಿದ್ದ ಮಾತ್ರಕ್ಕೆ ಶೂ ಅಸಲಿಯೆನ್ನಲಾಗದು. ಜಾಣ ನಕಲಿಗಾರನು ಎರಡು ಚೀಟಿ ಮುದ್ರಿಸಬಲ್ಲನು. ಒಂದೇ ಆಗಿದ್ದರೆ ಮಾತ್ರ ಸಂಶಯಕ್ಕೆ ಎಡೆಯುಳಿಯುವುದಿಲ್ಲ.

ಗೆಳೆಯನ ಎರಡು ಚೀಟಿಗಳ ಕೊನೆಯ ಅಂಕಿಗಳು ಬೇರೆಯಾಗಿದ್ದವು. ತಮ್ಮನು ತನ್ನ ಎಡ ಬಲಗಳ ಚೀಟಿಗಳನ್ನು ಚಿತ್ರ ತೆಗೆದು, ಬೆರಳಿಟ್ಟು ಅಂಕಿ ಅಂಕಿಯಾಗಿ ಓದಿದನು. ಎರಡೂ ಒಂದೇ. ಮತ್ತೊಮ್ಮೆ ಬಲದಿಂದ ಎಡಕ್ಕೆ ಓದಿದನು. ಮಾದರಿಯ ಗುರುತನ್ನು ಕಂಪನಿಯ ತಾಣದಲ್ಲಿ ಹುಡುಕಿದಾಗ ಬೇರೊಂದು ಬಣ್ಣದ ಬೇರೊಂದು ಶೂ ಮೂಡಿತು.

ಅಂದಿನಿಂದ ಅವನು ಹಳೆಯ ಕ್ಯಾನ್‌ವಾಸನ್ನೇ ತೊಟ್ಟು ಓಡಿದನು. ಅಣ್ಣನಿಗೆ ಹೇಳಬಾರದೆಂದು ನಿಶ್ಚಯಿಸಿದನು. ಸಂಕ್ರಾಂತಿಗೆ ಊರಿಗೆ ಬಂದ ಅಣ್ಣನು ಬಾಗಿಲಲ್ಲಿಯೇ ಕೇಳಿದನು:

“ಹೆಂಗದಾವೋ ಶೂ? ಓಡಾಕ ಹಗೂರ ಆಗ್ಯಾವಿಲ್ಲ?”

“ಛಲೋ ಅದಾವಣ್ಣಾ.”

ಅಣ್ಣನು ಹಿಗ್ಗಿ ನುಡಿದನು: “ನಮ್ಮ ಗೋದಾಮಿನ್ಯಾಗ ಮೂರು ಮಂದಿಗೆ ಅವನ ನಂಬರ್ ಕೊಟ್ಟೀನಿ. ಷೋರೂಮಿನ್ಯಾಗ ಉಳಿದ ಮಾಲಂತ, ಅರ್ಧಾ ರೇಟಿಗೆ. ನಾಳೆ ರೊಕ್ಕಾ ಹಾಕ್ತಾರ.”

ತಮ್ಮನ ಕೈಯಲ್ಲಿದ್ದ ಎಳ್ಳುಬೆಲ್ಲ ಹಾಗೆಯೇ ಉಳಿಯಿತು. ಅವನು ಒಳಗೆ ಹೋಗಿ ಫೋನನ್ನು ತಂದು, ಮಾತಿಲ್ಲದೆ ಎರಡು ಚೀಟಿಗಳ ಚಿತ್ರವನ್ನು ತೆರೆದು ಅಣ್ಣನ ಮುಂದಿಟ್ಟನು; ಅನಂತರ ತಡವರಿಸುತ್ತ ಅಂಕಿಗಳ ಅರ್ಥವನ್ನು ವಿವರಿಸಿದನು.

ಅಣ್ಣನು ಬಹಳ ಹೊತ್ತು ನೋಡಿದನು. “ಇದು ನಿನಗ ಯಾವಾಗ ಗೊತ್ತಾತು?”

“ಒಂದು ತಿಂಗಳಾತಣ್ಣಾ.”

ಅಣ್ಣನು ಬೈಯಲಿಲ್ಲ. ಜೇಬಿನಿಂದ ತನ್ನ ಫೋನನ್ನು ತೆಗೆದು, ಅಂಗಳಕ್ಕಿಳಿದು ಗೋದಾಮಿನ ಗೆಳೆಯನಿಗೆ ಕರೆ ಮಾಡಿದನು. “ರೊಕ್ಕಾ ಹಾಕೀಯೇನು? ಇಲ್ಲಾ? ತಡಿ, ಹಾಕಬ್ಯಾಡ. ನಾ ಮೋಸ ಹೋಗೀನಿ,” ಎಂದನು. ತಮ್ಮನು ಒಳಗಿನಿಂದ ಕೇಳಿಸಿಕೊಳ್ಳುತ್ತ, ಉಳಿದಿಬ್ಬರ ಸಂಖ್ಯೆಗಳನ್ನು ಅಣ್ಣನು ಹುಡುಕುವುದನ್ನು ಕಾಯುತ್ತ ನಿಂತನು.