ಪ್ಲ್ಯಾಬ್ ಪರೀಕ್ಷಾ ಮತ್ತ ಹೆಸರಿನ ರೊಕ್ಕ

ನವಲಗುಂದದ ನಮ್ಮ ಅಕ್ಕನ ಮಗಳು ಎಂಬಿಬಿಎಸ್ ಮುಗಿಸಿ, ಇಂಗ್ಲೆಂಡಿನಾಗ ಡಾಕ್ಟರ್ ಆಗಾಕ ಪ್ಲ್ಯಾಬ್ ಪರೀಕ್ಷಾಕ್ಕ ಓದಾಕತ್ತಾಳ್ರಿ. ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷಾದಾಗ ಒಟ್ಟು 7.5, ನಾಲ್ಕೂ ಭಾಗದಾಗ 7 ಬಂದ ಮ್ಯಾಲೆ ಮೊದಲನೇ ಪ್ಲ್ಯಾಬ್. ಅದರಾಗ 3 ತಾಸಿಗೆ 180 ಪ್ರಶ್ನಿ, ಅಂದ್ರ ಒಂದಕ್ಕ ಒಂದ ನಿಮಿಷ. ಅದಕ್ಕ ಆಕಿ ದಿನಾ ಗಡಿಯಾರ ಇಟಗೊಂಡ 60 ಪ್ರಶ್ನಿ ಬಿಡಸ್ತಾಳ. ತಪ್ಪಾದದ್ದನ್ನ ಅಲ್ಲಿನ ‘ನೈಸ್’ ಸೂಚನಾದಾಗ ನೋಡ್ತಾಳ; ನಮ್ಮ ದವಾಖಾನಿ ರೂಢಿ ಬರದ್ರ ಮಾರ್ಕ್ಸ್ ಹೋಗತಾವಂತ.

ಮೊದಲನೇದನ್ನ ಭಾರತದಾಗ ಬರೀಬಹುದು. ಎರಡನೇದು ಮ್ಯಾಂಚೆಸ್ಟರಿನಾಗಷ್ಟ. ಮೊದಲನೇದು ಪಾಸಾದ 2 ವರ್ಷದೊಳಗ ಅದೂ ಪಾಸಾಗಬೇಕು. ವೀಸಾ, ವಿಮಾನದ ರೊಕ್ಕ ಕೂಡದ ಅವಸರ ಮಾಡಿದ್ರ ಗಡುವ ಸುಮ್ನ ಕರಗತೈತಿ. ಅದಕ್ಕ ಅಕ್ಕ, “ಹೆಸರು ಮಾರಿದ ಮ್ಯಾಲೆ ಮೊದಲನೇದು ಬರಿ ತಂಗಿ” ಅಂದಾಳ.