ಸಹಾಯಧನ ‘ಸಹಾಯದನ’ ಆದದ್ದು ಹೇಗೆ?

ಕಳೆದ ವರ್ಷ ನಮ್ಮೂರಿಗೆ ಒಂದು ಕರಪತ್ರ ಬಂತು. ಮೇವು ಕತ್ತರಿಸುವ ಯಂತ್ರಕ್ಕೆ ಸಹಾಯಧನ ಕೊಡುವ ವಿಚಾರ. ಬಿಳಿ ಜಾಗದಲ್ಲಿದ್ದ ಕಪ್ಪು ಅಕ್ಷರಗಳನ್ನು ಎಲ್ಲರೂ ಓದಿದರು. ಆದರೆ ಎದ್ದು ಕಾಣಲಿ ಎಂದು ಕೊನೆಯ ದಿನಾಂಕವನ್ನು ಕೆಳಗಿನ ಕಪ್ಪು ಪಟ್ಟಿಯಲ್ಲಿ ಬಿಳಿ ಅಕ್ಷರದಲ್ಲಿ ಹಾಕಿದ್ದರು. ಅದರಲ್ಲಿ ‘ಸಹಾಯಧನ’ ಎಂಬುದು ‘ಸಹಾಯದನ’ ಆಗಿತ್ತು. 18ರ 8 ಎಡಗಡೆ ಅಳಿಸಿ 3ರಂತೆ ಕಾಣುತ್ತಿತ್ತು. ನಮ್ಮ ದೊಡ್ಡಪ್ಪ 13 ಎಂದು ಓದಿ, ಅವಧಿ ಮುಗಿಯಿತೆಂದು ಅರ್ಜಿಯನ್ನೇ ಹಾಕಲಿಲ್ಲ.

ಬರೆದವರು ತಪ್ಪು ಬರೆದಿರಲಿಲ್ಲ. ಪರಿಚಯದ ಪ್ರೆಸ್ಸಿನಲ್ಲಿ ಡಿಟಿಪಿ ಮಾಡುವ ಹಿರಿಯರೊಬ್ಬರಿಗೆ ತೋರಿಸಿದೆ. ಭೂತಗನ್ನಡಿ ಹಿಡಿದು ನೋಡಿ, “ಇದು ರಿವರ್ಸ್ ಕಣಪ್ಪ. ಬಿಳಿ ಅಕ್ಷರ ಅಂತ ನಾವು ಅಚ್ಚು ಹಾಕೋದಿಲ್ಲ, ಅದು ಇಂಕು ಬೀಳದ ಜಾಗ ಅಷ್ಟೆ. ಸುತ್ತಲ ಇಂಕು ಒಳಗೆ ನುಗ್ಗುತ್ತೆ” ಎಂದರು.

ಅಗ್ಗದ ಕಾಗದ ಇಂಕನ್ನು ಹೀರಿಕೊಳ್ಳುತ್ತದೆ, ಇಂಕು ಸ್ವಲ್ಪ ಹರಡುತ್ತದೆ. ಕಪ್ಪು ಅಕ್ಷರವಾದರೆ ಇದರಿಂದ ತುಸು ದಪ್ಪವಾಗುತ್ತದೆ. ಬಿಳಿ ಅಕ್ಷರವಾದರೆ ಎರಡೂ ಕಡೆಯಿಂದ ಸವೆದು ತೆಳ್ಳಗಾಗುತ್ತದೆ. ಕನ್ನಡದಲ್ಲಿ ದ ಮತ್ತು ಧ, ಡ ಮತ್ತು ಢ ನಡುವೆ ಇರುವ ವ್ಯತ್ಯಾಸ ಒಂದು ಸಣ್ಣ ಗೀಟು. ಮೊದಲು ಮುಚ್ಚಿಹೋಗುವುದು ಅದೇ. ಆಮೇಲೆ ಚಿಕ್ಕ ಒತ್ತಕ್ಷರಗಳು.

ಆದ್ದರಿಂದ ಸವೆಯುವಷ್ಟನ್ನು ಮೊದಲೇ ಸೇರಿಸಿಕೊಳ್ಳಬೇಕು. ಅವರು ಪಟ್ಟಿಯ 9 ಪಾಯಿಂಟ್ ಸಾದಾ ಅಕ್ಷರವನ್ನು 12 ಪಾಯಿಂಟ್ ಬೋಲ್ಡ್ ಮಾಡಿದರು. ದಪ್ಪ ಮಾಡಿದ ಕೂಡಲೇ ಅಕ್ಷರಗಳು ಒಂದಕ್ಕೊಂದು ಒತ್ತಿಕೊಂಡವು. ಸಾಲದ್ದಕ್ಕೆ, ಕಪ್ಪಿನ ಮೇಲಿನ ಬಿಳಿ ನಮ್ಮ ಕಣ್ಣಿಗೆ ಹರಡಿದಂತೆ ಕಾಣುತ್ತದೆ. ಅದಕ್ಕೇ ಅಂತರವನ್ನೂ ಸಡಿಲಿಸಬೇಕು.

ಇಲ್ಲೊಂದು ತೊಡಕಿದೆ. ಹಳೆಯ ಮಾದರಿಯ ಕನ್ನಡ ಫಾಂಟುಗಳಲ್ಲಿ ಒತ್ತಕ್ಷರ, ಕೊಂಬು ಎಲ್ಲ ಬೇರೆ ಬೇರೆ ತುಂಡುಗಳು. ಅಕ್ಷರದ ಅಂತರ ಹೆಚ್ಚಿಸಿದರೆ ಒತ್ತು ತನ್ನ ಅಕ್ಷರ ಬಿಟ್ಟು ದೂರ ಹೋಗುತ್ತದೆ. ಅದಕ್ಕೆ ಅವರು ಅಕ್ಷರಗಳ ನಡುವೆ ಕೂದಲೆಳೆಯಷ್ಟೇ ಬಿಟ್ಟು, ಪದಗಳ ನಡುವೆ ಹೆಚ್ಚು ಜಾಗ ಕೊಟ್ಟರು. ಸಾಲಿನ ಅಂತರವನ್ನು 18 ಪಾಯಿಂಟಿಗೆ ಏರಿಸಿದರು. ಆಗ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗಲಿಲ್ಲ. ಅದೇ ಕಾಗದದಲ್ಲಿ ಒಂದು ಪ್ರತಿ ತೆಗೆದಾಗ ಧ ಧ ಆಗಿಯೇ ಉಳಿದಿತ್ತು, 8 ಕೂಡ.

ಮೊಬೈಲಿನ ಕಪ್ಪು ಪರದೆಯಲ್ಲಿ ಇಂಕಿಲ್ಲ, ಬಿಳಿ ಎಂದರೆ ಬೆಳಕು. ಅಲ್ಲಿ ಅಕ್ಷರ ಸವೆಯುವುದಿಲ್ಲ, ಬೆಳಕು ಚೆಲ್ಲಿ ಅಂಚು ಮಸುಕಾಗುತ್ತದೆ. ಹಾಗಾಗಿ ತೀರಾ ತೆಳು ಫಾಂಟ್ ಬೇಡ, ತೀರಾ ದಪ್ಪವೂ ಬೇಡ. ಅಂತರ ಮಾತ್ರ ಅಲ್ಲಿಯೂ ಬೇಕು. ಅಚ್ಚ ಬಿಳಿಯ ಬದಲು ತಿಳಿ ಬೂದು ಬಣ್ಣ ಹಾಕಿದರೆ ಕಣ್ಣಿಗೆ ಹಿತ.

ನಿಮ್ಮ ಸಂಘದ ಕರಪತ್ರದಲ್ಲಿ ಕಪ್ಪು ಪಟ್ಟಿ ಇದ್ದರೆ, ಪ್ರೆಸ್ಸಿನವರು ಕಂಪ್ಯೂಟರಿನಲ್ಲಿ ತೋರಿಸಿದ್ದನ್ನು ನೋಡಿ ಒಪ್ಪಬೇಡಿ. ಅಚ್ಚಾಗುವ ಕಾಗದದಲ್ಲೇ ಒಂದು ಪ್ರತಿ ಕೇಳಿ. ಕೈ ಚಾಚಿ ಹಿಡಿದು ಮಹಾಪ್ರಾಣದ ಗೀಟು ಮತ್ತು ಅಂಕಿಗಳನ್ನು ಮಾತ್ರ ನೋಡಿ. ಅವು ಕಂಡರೆ ಉಳಿದದ್ದೆಲ್ಲ ಕಾಣುತ್ತದೆ.