ಕೂಸಿನ ಕಿವಿ ನೋಡೂದು

ನಮ್ಮ ಕಡೆ ಕೂಸು ಹುಟ್ಟಿದ ಸುದ್ದಿ ಬಂದ ಕೂಡ್ಲೆ ಮೂರು ಪ್ರಶ್ನಿ ಕೇಳ್ತಾರ. ಗಂಡೋ ಹೆಣ್ಣೋ, ಬಾಣಂತಿ ಆರಾಮ ಅದಾಳೇನು, ಆಮ್ಯಾಲೆ ದನಿ ಸ್ವಲ್ಪ ಇಳಿಸಿ, "ಬಣ್ಣ ಹೆಂಗದ?" ಹುಟ್ಟಿದ ದಿವಸ ಕೂಸು ಕೆಂಪಗೇ ಕಾಣಸ್ತಾವ. ಅದಕ್ಕ ಹಿರ್ಯಾರು ಮಾರಿ ನೋಡಿ ನಂಬೂದಿಲ್ಲ. ಬಟ್ಟಿ ಸರಿಸಿ ಕಿವಿಯ ಮ್ಯಾಲಿನ ಅಂಚು ನೋಡ್ತಾರ, ಉಗುರಿನ ಬುಡ ನೋಡ್ತಾರ. ಅಲ್ಲಿ ಕಪ್ಪು ಇತ್ತಂದ್ರ ಮುಂದ ಕೂಸೂ ಅದೇ ಬಣ್ಣಕ್ಕ ತಿರುಗ್ತದ ಅಂತ ಲೆಕ್ಕ. ನಿಮ್ಮನ್ಯಾಗೂ ಯಾರರ ಒಬ್ಬರು ಈ ಲೆಕ್ಕ ಹಾಕಿರ್ತಾರ, ಇಲ್ಲ ಅನಬ್ಯಾಡ್ರಿ.

ನನ್ನ ಕಿವಿ ನೋಡಿದಾಕಿ ನಮ್ಮ ಸ್ವಾದರತ್ತಿ. 1969ರಾಗ ನಾ ಹುಟ್ಟಿದ ದಿವಸ ಆಕಿ ಕಿವಿ ನೋಡಿ, "ಅಣ್ಣಾ, ಇವತ್ತಿಂದನ ಬಂಗಾರ ಕೂಡಿಸಿಡೋ" ಅಂದ್ಲಂತ. ಇದು ನಮ್ಮ ಮನ್ಯಾಗ ಒಂದು ನಗಿಚಾಟಿಕಿ ಮಾತು. ಯಾರ ಮದವಿ ಇರ್ಲಿ, ಕುಬಸದ ಕಾರ್ಯ ಇರ್ಲಿ, ಹೆಂಗಸರು ಕೂತು ಎಲಿ ಅಡಿಕಿ ಹಾಕ್ಕೋಳೋ ಹೊತ್ತಿಗೆ ಈ ಮಾತು ಬಂದೇ ಬರ್ತಿತ್ತು. ಎಲ್ಲಾರೂ ನಗತಿದ್ರು, ನಾನೂ ನಗತಿದ್ದೆ. ಸ್ವಾದರತ್ತಿ ಕೆಟ್ಟಾಕಿ ಅಲ್ಲ, ನನಗ ಸೂಟಿಯೊಳಗ ಕರದಂಟು ತಿನಿಸಿ ಕಳಸಾಕಿ ಆಕೀನ.

ತಮ್ಮ ಕೆಂಪಗ ಹುಟ್ಟಿದ. ಅವನ್ನ ಬಿಸಿಲಾಗ ಆಡಾಕ ಬಿಡ್ತಿದ್ರು, ನನಗ ಬಿಡ್ತಿದ್ದಿಲ್ಲ. ಐತವಾರ ಕಡ್ಲಿಹಿಟ್ಟು, ಹಾಲಿನ ಕೆನಿ, ಚಿಟಿಕಿ ಅರಿಷಿಣ ಕಲಸಿ ನಮ್ಮವ್ವ ನನ್ನ ಕುತಗಿ, ಮೊಳಕೈ ತಿಕ್ಕತಿದ್ಲು. ಹಿಟ್ಟು ಒಣಗಿದ ಮ್ಯಾಲೆ ಉಜ್ಜಿ ತೆಗದ್ರ ಚರ್ಮ ಉರೀತಿತ್ತು. "ತಡಕೋ, ಮುಂದ ನಿನಗ ಛಲೋ ಆಗ್ತದ" ಅಂತಿದ್ಲು. ಅವ್ವನ ಕೈಯಾಗ ಸಿಟ್ಟಿರಲಿಲ್ಲ, ಹೆದರಿಕಿ ಇತ್ತು. ಅದು ನನಗ ಆಗ ತಿಳೀಲಿಲ್ಲ. ಮೈಮ್ಯಾಲೆ ಏನೋ ಹೊಲಸು ಹತ್ತೇದ, ಎಷ್ಟು ತಿಕ್ಕಿದ್ರೂ ಹೋಗವಲ್ದು ಅಂತ ತಿಳಕೊಂಡಿದ್ದೆ.

ಹೊಗಳಿದಾಗಿನ ಮಾತು ಬೈದದ್ದಕ್ಕಿಂತ ಹೆಚ್ಚು ನೆಪ್ಪಿರ್ತದ ನೋಡ್ರಿ. "ಕಪ್ಪಿದ್ರೂ ಲಕ್ಷಣ ಅದಾಳ." "ಕಪ್ಪಿದ್ರೂ ಶಾಣ್ಯಾಕಿ." ಆ "ಇದ್ರೂ" ಅನ್ನೋದು ನನ್ನ ಹೆಸರಿನ ಮುಂದಿನ ಇನಿಷಿಯಲ್ ಆಗಿಬಿಟ್ಟಿತ್ತು. ಸಮಾಧಾನ ಮಾಡೋರು ಕೃಷ್ಣ ಪರಮಾತ್ಮನೂ ಕಪ್ಪೇ ಇದ್ದ, ದ್ರೌಪದಿಗೂ ಕೃಷ್ಣೆ ಅಂತಿದ್ರು ಅಂತ ಹೇಳ್ತಿದ್ರು. ಹೌದು, ಆದ್ರ ಅವರನ್ನ ಯಾರೂ ಕಿಟಕಿ ಕಡೆ ಹೊಳ್ಳಿ ಕೂಡ್ರವ್ವ ಅನ್ಲಿಲ್ಲಲ್ಲ.

ನನಗ ಅಂದ್ರು. ಪಿಯುಸಿ ಮುಗಿದ ಮ್ಯಾಲೆ ಕನ್ಯಾ ನೋಡಾಕ ಬರಾಕ ಹತ್ತಿದ್ರು. ಮೊದಲನೇದವರು ಮಧ್ಯಾಹ್ನ ಬಂದ್ರು. ಹುಡುಗನ ತಾಯಿ ಉಪ್ಪಿಟ್ಟಿನ ತಾಟು ಕೆಳಗಿಟ್ಟು, "ಸ್ವಲ್ಪ ಬೆಳಕಿಗೆ ಬಾರವ್ವ" ಅಂದ್ಲು. ಪಡಸಾಲಿ ಕಿಟಕಿ ಹತ್ತರ ಹೋಗಿ ಕೂತೆ. ಎಷ್ಟು ಹೊತ್ತು ಕೂತೆ ನೆಪ್ಪಿಲ್ಲ, ಬಿಸಿಲು ಗಲ್ಲದ ಮ್ಯಾಲೆ ಸುಡತಿದ್ದದ್ದು ಮಾತ್ರ ನೆಪ್ಪದ. ಆವತ್ತಿಂದ ನಮ್ಮವ್ವ ಶಾಣ್ಯಾಕಿ ಆದ್ಲು. ಯಾರು ಬರೋದಿದ್ರೂ ದೀಪ ಹಚ್ಚೋ ಹೊತ್ತಿಗೆ ಬರ್ರಿ ಅಂತ ಹೇಳಿ ಕಳಸತಿದ್ಲು. ಟ್ಯೂಬ್‌ಲೈಟ್ ಆರಿಸಿ ಹಳದಿ ಬಲ್ಬು ಹಚ್ಚತಿದ್ಲು. ಹಳದಿ ಬೆಳಕಿನ್ಯಾಗ ಬಣ್ಣ ಒಂದು ಪಟ್ಟು ಏರಿಧಂಗ ಕಾಣಸ್ತದ ಅಂತ ಆಕಿ ಲೆಕ್ಕ. ನಾಕನೇದ್ದು ಕೂಡಿತು, 1990ರಾಗ ಮದವಿ ಆತು. ಮಾತುಕತಿಯೊಳಗ ಬಂಗಾರ ಎರಡು ತೊಲಿ ಏರಿತು. ಯಾಕ ಅಂತ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ, ಎಲ್ಲಾರಿಗೂ ಗೊತ್ತಿತ್ತು. ನಮ್ಮ ಮನಿಯವರು ಇಷ್ಟು ವರ್ಷದಾಗ ನನ್ನ ಬಣ್ಣದ ಬಗ್ಗೆ ಒಂದು ಮಾತು ಆಡಿಲ್ಲ, ಛಲೋದೂ ಇಲ್ಲ ಕೆಟ್ಟದ್ದೂ ಇಲ್ಲ. ಛಲೋದು ಒಂದು ಆಡಿದ್ರ ಏನಾಗ್ತಿತ್ತು ಅಂತ ಒಮ್ಮೊಮ್ಮೆ ಅನಸ್ತದ, ಇರ್ಲಿ.

ಆಮ್ಯಾಲೆ ಬೇರೆಯವರು ಅನ್ನೋದು ಕಮ್ಮಿ ಆತು. ಅವರ ಕೆಲಸ ನಾನ ಮಾಡ್ಕೊಳ್ಳಾಕ ಸುರು ಮಾಡಿದೆ. ಹಾಲಿನವ ಬಂದ್ರೂ ಪೌಡರ್ ಹಚ್ಚದ ಬಾಗಿಲಿಗೆ ಹೋಗ್ತಿದ್ದಿಲ್ಲ. ತಂಗಿ ಮದವಿ ಫೋಟೊ ಬಂದಾಗ ನೋಡಿದೆ, ಮಾರಿ ಬೂದಿ ಬಳಕೊಂಡಂಗ, ಕುತಗಿ ಒಂದು ಬಣ್ಣ, ಮಾರಿ ಒಂದು ಬಣ್ಣ. ಆಮ್ಯಾಲಿಂದ ಫೋಟೊದಾಗ ತುದಿಗೆ ನಿಂದ್ರತೀನಿ, ಇಲ್ಲಾ ಯಾರದರ ಹೆಗಲ ಹಿಂದ. ನಮ್ಮ ಆಲ್ಬಮ್ ತೆಗದು ನೋಡಿದ್ರ ಮೂವತ್ತು ವರ್ಷದಾಗ ನನ್ನ ಅರ್ಧ ಮಾರಿನ ಅದ. ಸೀರಿ ಅಂಗಡಿಯೊಳಗ ಹಳದಿ, ಗಿಳಿಹಸುರು ಗಂಟು ಬಿಚ್ಚಿದ್ರ ನಾ ಕೇಳೋಕಿನ್ನ ಮೊದಲ, "ಅದು ಬ್ಯಾಡ್ರಿ, ನನಗ ಎತ್ತಿ ಕಾಣಸ್ತದ" ಅಂತಿದ್ದೆ. ಮೆರೂನು, ಕಡುನೀಲಿ, ಮತ್ತ ಮೆರೂನು.

ಮಗಳು ಹೊಟ್ಟ್ಯಾಗಿದ್ದಾಗ ಅತ್ತಿಯವರು ಕೊಟ್ಟ ಕೇಸರಿ ಹಾಲು ಒಂದು ದಿವಸ ತಪ್ಪಿಸಲಿಲ್ಲ. ಆಕಿ ಅವರಪ್ಪನ ಬಣ್ಣ ಹೊತಗೊಂಡು ಹುಟ್ಟಿದ್ಲು. ಕೇಸರಿದೇ ಪುಣ್ಯ ಅಂತ ತಿಳಕೊಂಡಿದ್ದೆ. ಹಂಗಲ್ಲ ಅಂತ ಮೊನ್ನೆ ಮೊನ್ನೆ ಮಕ್ಕಳ ಡಾಕ್ಟರ್ ಹೇಳಿದ್ರು. ಬಣ್ಣ ತಯಾರು ಮಾಡೋ ಕಣಗಳು ಕಪ್ಪಿನವರಿಗೂ ಕೆಂಪಿನವರಿಗೂ ಹೆಚ್ಚು ಕಮ್ಮಿ ಅಷ್ಟೇ ಇರ್ತಾವಂತ. ಅವು ಎಷ್ಟು ಬಣ್ಣ ಮಾಡ್ತಾವ ಅನ್ನೋದು ತಂದಿ ತಾಯಿ ಇಬ್ಬರ ಕಡೆಯಿಂದ ಬಂದದ್ದು, ಕುಡಿದ ಕೇಸರಿ ಅಲ್ಲೀತನಾ ಹೋಗಿ ಅದನ್ನ ಬದಲು ಮಾಡೂದಿಲ್ಲ. ಹುಟ್ಟಿದ ಮ್ಯಾಲೆ ಆ ಬಣ್ಣ ಪೂರಾ ಬರಾಕ ತಿಂಗಳಾನುಗಟ್ಟಲೆ ಹಿಡಿತದ. ಅಂದ್ರ ಕಿವಿ ನೋಡೋರ ಲೆಕ್ಕದಾಗ ಸ್ವಲ್ಪ ಖರೆನೂ ಅದ. ಆ ಡಾಕ್ಟರ್ ಹತ್ತರ ಹೋಗೋ ಪ್ರಸಂಗ ಯಾಕ ಬಂತು ಅನ್ನೋದೇ ನಾ ಹೇಳಬೇಕಾದದ್ದು.

ಮಗಳು ಬಾಣಂತನಕ್ಕ ನಮ್ಮಲ್ಲೇ ಬಂದಿದ್ಲು. 37 ವಾರಕ್ಕ ಹೆರಿಗಿ ಆತು, ಹೆಣ್ಣು ಕೂಸು. ನರ್ಸಬಾಯಿ ಬಟ್ಟಿಯೊಳಗ ಸುತ್ತಿ ನನ್ನ ಕೈಯಾಗ ಕೊಟ್ರು. ನಾ ಏನು ಮಾಡಿದೆ ಗೊತ್ತೇನು? ಬಟ್ಟಿ ಸರಿಸಿ ಕಿವಿ ನೋಡಿದೆ. ಅಂಚು ಕರ್ರಗಿತ್ತು. ಮಂಚದ ಮ್ಯಾಲಿಂದ ಮಗಳು, "ಅವ್ವಾ, ಏನ ನೋಡಾಕತ್ತಿ?" ಅಂದ್ಲು. "ಏನಿಲ್ಲವಾ, ಸೆಕಿ ಆಗ್ಯದೇನು ನೋಡಿದೆ" ಅಂದೆ.

ಮೂರನೇ ದಿವಸ ಮನಿಗೆ ಬಂದ್ವಿ. ನಾಕನೇ ದಿವಸ ಮುಂಜಾನೆ ಕೂಸಿಗೆ ಎರಿಯಾಕಿ ಬಂದಾಕಿ ಕಾಲ ಮ್ಯಾಲೆ ಮಲಗಿಸ್ಕೊಂಡು, "ಅಕ್ಕಾರ, ಬಣ್ಣ ತಿರುಗೇದ ನೋಡ್ರಿ! ಬಂಗಾರಧಂಗ ಆಗ್ಯಾಳ" ಅಂದ್ಲು. ಹೌದು, ಗಲ್ಲ, ಎದಿ ಎಲ್ಲಾ ಹೊಂಬಣ್ಣ. ನನಗ ಆದ ಖುಷಿ ಹೇಳಬಾರದು. ಬೀಗತಿಯವರಿಗೆ ಫೋನ್ ಹಚ್ಚಿ, "ಬಣ್ಣ ತೆಳ್ಳಗಾಗೇದ್ರಿ" ಅಂತ ನಾನಾಗೇ ಹೇಳಿದೆ, ಅವರು ಕೇಳಿದ್ದೂ ಇಲ್ಲ. ಎಣ್ಣಿ ನೀರು ಹಾಕಿದ ಮ್ಯಾಲೆ ಕೂಸು ಮಲಗಿದ್ದು ಮಲಗೇ ಇತ್ತು. ಮಧ್ಯಾಹ್ನ ಎಬ್ಬಿಸಿದ್ರ ಎರಡು ಗುಟಕು ಎಳದು ಮತ್ತ ಕಣ್ಣು ಮುಚ್ಚತಿತ್ತು. "ಎಷ್ಟು ಸಂಭಾವಿತ ಕೂಸು, ಕಾಡೂದೇ ಇಲ್ಲ" ಅಂದೆ.

ಸಂಜೀಕ ಮಗಳು ಹಟ ಹಿಡದ್ಲು, ದವಾಖಾನಿಗೆ ಹೋಗೂಣು ಅಂತ. ನಾ ಸುಮ್ಮನ ಹೊರಗ ತಗೊಂಡು ಹೋಗಬ್ಯಾಡ, ಗಾಳಿ ಹತ್ತತದ ಅಂದೆ. ಆಕಿ ಕೇಳಲಿಲ್ಲ.

ಅಲ್ಲಿ ನರ್ಸಬಾಯಿ ಕೂಸಿನ ಮೂಗಿನ ಮ್ಯಾಲೆ ಬೆರಳಿಂದ ಒತ್ತಿ ಬಿಟ್ರು. ಒತ್ತಿದಲ್ಲಿ ರಕ್ತ ಸರದು ಒಂದು ಕ್ಷಣ ಹಳದಿ ಕಾಣಿಸ್ತು. ಹಂಗ ಎದಿ, ಹೊಟ್ಟಿ, ತೊಡಿ ಒತ್ತಿ ನೋಡಿದ್ರು. ಕಾಮಣಿ ಹಳದಿ ಮಾರಿಯಿಂದ ಸುರು ಆಗಿ ಕೆಳಗ ಇಳಿತದಂತ, ಏರಿಧಂಗ ಏರಿಧಂಗ ಕಾಲೀತನಾ ಬರ್ತದಂತ. ಆಮ್ಯಾಲೆ ಕೆಳಗಿನ ತುಟಿ ಸರಿಸಿ ವಸಡಿ ನೋಡಿದ್ರು, ಕಣ್ಣಿನ ಬಿಳಿ ಭಾಗ ನೋಡಿದ್ರು. "ಕಪ್ಪು ಮೈಯ ಕೂಸಿನೊಳಗ ಚರ್ಮದ ಮ್ಯಾಲೆ ಕಾಮಣಿ ಲಗೂನ ತಿಳಿಯೂದಿಲ್ರಿ, ಅದಕ್ಕ ಇಲ್ಲಿ ನೋಡಬೇಕು" ಅಂದ್ರು. ಕಣ್ಣು ಅರಿಷಿಣ ಹಚ್ಚಿಧಂಗ ಇತ್ತು. ನಾ ಮುಂಜಾನಿಂದ ಆ ಕೂಸಿನ್ನ ಹತ್ತು ಸಲ ಎತ್ತಿದ್ದೆ, ಕಣ್ಣು ನೋಡಿರಲಿಲ್ಲ. ರಕ್ತ ಪರೀಕ್ಷಾ ಮಾಡಿದ್ರ 18 ಬಂತು. ಸ್ವಲ್ಪ ಮೊದಲ ಹುಟ್ಟಿದ ಕೂಸಿಗೆ ಅದು ಬಿಡೋ ಅಂಕಿ ಅಲ್ಲ, ಭಾಳ ಏರಿದ್ರ ಮಿದುಳಿಗೆ ಕಿವಿಗೆ ಪೆಟ್ಟು ಅಂದ್ರು. ಹೆಚ್ಚು ಮಲಗೂದು, ಹಾಲು ಎಳಿಲಿಕ್ಕೆ ಬ್ಯಾಸರ ಮಾಡೂದೂ ಅದರದೇ ಗುರ್ತು.

ಬರೇ ಲಂಗೋಟಿ ಬಿಟ್ಟು ಎಲ್ಲಾ ತೆಗದು, ಕಣ್ಣಿಗೆ ಪಟ್ಟಿ ಕಟ್ಟಿ ನೀಲಿ ದೀಪದ ಕೆಳಗ ಮಲಗಿಸಿದ್ರು. ಆ ಬೆಳಕು ಚರ್ಮದಾಗಿನ ಹಳದಿಯನ್ನ ಒಡದು ಉಚ್ಚಿ ಕಕ್ಕಸದಾಗ ಹೊರಗ ಹೋಗೋ ಹಂಗ ಮಾಡ್ತದಂತ. ನಾ, "ಮುಂಜಾನಿ ಎಳೆಬಿಸಿಲಿಗೆ ಹಿಡದ್ರ ಸಾಕಾಗ್ತಿತ್ತೇನ್ರಿ?" ಅಂತ ಕೇಳಿದೆ. ಬಿಸಿಲನ್ನ ನಂಬಿ ಕೂಡಬ್ಯಾಡ್ರಿ, ತಡ ಆಗ್ತದ ಅಂದ್ರು ಡಾಕ್ಟರ್. ಎರಡು ರಾತ್ರಿ. ಎರಡೆರಡು ತಾಸಿಗೊಮ್ಮೆ ಮಗಳು ಒಳಗ ಹೋಗಿ ಹಾಲು ಕುಡಿಸಿ ಬರ್ತಿದ್ಲು. ನಾ ಹೊರಗಿನ ಬೆಂಚಿನ ಮ್ಯಾಲೆ ಕೂತು ಬಾಗಿಲದ ಗಾಜಿನಿಂದ ನೋಡ್ತಿದ್ದೆ. ನೀಲಿ ಬೆಳಕಿನ್ಯಾಗ ಕೂಸಿಗೆ ಯಾವ ಬಣ್ಣಾನೂ ಇರಲಿಲ್ಲ. ನಮ್ಮವ್ವ ಹಚ್ಚತಿದ್ದ ಹಳದಿ ಬಲ್ಬು ಸುಮ್ಮ ಸುಮ್ಮನ ನೆಪ್ಪಾತು.

ಅಂಕಿ ಇಳಿತು, ಮನಿಗೆ ಬಂದ್ವಿ, ಕೂಸು ಗಟ್ಟಿ ಆತು. ಒಂದು ವಾರ ಆದ ಮ್ಯಾಲೆ ಮಗಳು ಹಾಲು ಕುಡಿಸ್ಕೋತ ಕೂತಾಕಿ ಮಾರಿ ಎತ್ತದ ಅಂದ್ಲು, "ಅವ್ವಾ, ಅವತ್ತು ಮುಂಜಾನೆ ನೀ ಭಾಳ ಖುಷಿ ಆಗಿದ್ದೆಲಾ." ಬೈದಿದ್ರ ಉತ್ತರಾ ಕೊಡಬಹುದಿತ್ತು. ಅಡಗಿಮನಿಗೆ ಹೋಗಿ ಸುಮ್ಮನ ಪಾತ್ರಿ ತಿಕ್ಕಿದೆ. ಆಮ್ಯಾಲೆ ಹೊರಗ ಬಂದು ಸ್ವಾದರತ್ತಿ ನನ್ನ ಕಿವಿ ನೋಡಿದ್ದು, ಕಿಟಕಿ ಹತ್ತರ ಕೂಡ್ರಿಸಿದ್ದು ಆಕಿಗೆ ಎಲ್ಲಾ ಹೇಳಿದೆ. ನಗಿಚಾಟಿಕಿ ಮಾತಾಗೇ ಕೇಳಿದ್ದಾಕಿ, ಈ ಸಲ ನಗಲಿಲ್ಲ.

ನಾ ಬದಲಾಗೀನಿ ಅಂತ ಹೇಳೂದಿಲ್ಲ. ಹೆಸರಿಡೋ ಕಾರ್ಯಕ್ಕ ಅಂತ ಅರಿಷಿಣ ಬಣ್ಣದ್ದು ಹಸುರು ದಡಿ ಸೀರಿ ತಗೊಂಡೆ, ಫಾಲ್ ಹಚ್ಚಿಸಿದೆ, ಆ ದಿವಸ ಮುಂಜಾನೆ ಕನ್ನಡಿ ಮುಂದ ನಿಂತು ಮತ್ತ ಮೆರೂನು ಉಟಗೊಂಡೆ. ಅದು ಇನ್ನೂ ಕಪಾಟಿನ್ಯಾಗ ಅದ.

ಆದ್ರ ಅವತ್ತು ಒಂದು ಕೆಲಸ ಮಾಡಿದೆ. ತೊಟ್ಲ ಸುತ್ತ ಹೆಂಗಸರು ಕೂಡಿದ್ರು. ಒಬ್ಬರು ಕೂಸಿನ್ನ ಎತ್ತಿಕೊಂಡು, ಮಾತಾಡಕೋತನ, ಹೆಬ್ಬೆರಳಿಂದ ಕುಂಚಿಗಿ ಹಿಂದಕ್ಕ ಸರಸಾಕ ಹತ್ತಿದ್ರು. ನಾ ಮುಂದ ಹೋಗಿ ಕೈಚಾಚಿ ಕೂಸಿನ್ನ ಇಸಕೊಂಡೆ. ಕುಂಚಿಗಿ ಕಿವಿ ಮ್ಯಾಲೆ ಎಳದು ಗದ್ದದ ಕೆಳಗ ಕಸಿ ಕಟ್ಟಿದೆ.

"ಏನವಾ, ಈ ಸೆಕಿಯೊಳಗ?" ಅಂದ್ರು ಅವರು.

"ಇರ್ಲಿ ಬಿಡ್ರಿ ವೈನಿ" ಅಂದೆ.